ಫಾಲ್ಗುಣವೋ ಫಾಲ್ಗುನವೋ: ನಮ್ಮ ಕ್ಯಾಲೆಂಡರ್‌ನ ಒಂದು ಸಾಲಿನ ಕಥೆ

ಎಲ್ಲರಿಗೂ ನಮಸ್ಕಾರ. "ಮಕ್ಕಳ ಕನ್ನಡ ತರಗತಿಗೆ ಗೋಡೆ ಕ್ಯಾಲೆಂಡರ್ ಮಾಡುತ್ತಿದ್ದೇವೆ, ಫಾಲ್ಗುಣ ಸರಿಯೋ ಫಾಲ್ಗುನ ಸರಿಯೋ" ಎಂದು ನಿನ್ನೆ ಇಲ್ಲಿ ಒಬ್ಬರು ಕೇಳಿದ್ದರು. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಅದಕ್ಕೇ ಬೇರೆಯಾಗಿ ಬರೆಯುತ್ತಿದ್ದೇನೆ. ಇಲ್ಲಿ ಮೆಲ್ಬರ್ನ್‌ನಲ್ಲಿ ನಾವೂ 2025ಕ್ಕೆ ಒಂದು ಕ್ಯಾಲೆಂಡರ್ ಮಾಡಿದ್ದೆವು. ತಪ್ಪು ಮಾಡಿದವಳು ನಾನೇ, ಹಾಗಾಗಿ ಧೈರ್ಯವಾಗಿ ಹೇಳಬಹುದು.

ಫೆಬ್ರವರಿ ಪುಟದಲ್ಲಿ 26ನೇ ತಾರೀಖಿನ ಮನೆಯಲ್ಲಿ ನಾನು ಹಾಕಿದ್ದು ಹೀಗೆ: "ಮಹಾಶಿವರಾತ್ರಿ, ಫಾಲ್ಗುನ ಕೃಷ್ಣ ಚತುರ್ದಶಿ, ಬುದವಾರ". ಊರಿಂದ ಬಂದಿದ್ದ ಅತ್ತೆ ಕನ್ನಡಕ ಹಾಕಿಕೊಂಡು ಓದಿದರು. "ಒಂದೇ ಸಾಲಲ್ಲಿ ಮೂರು ತಪ್ಪಲ್ಲೇ" ಅಂದರು.

ದೊಡ್ಡ ತಪ್ಪು ಕಾಗುಣಿತದ್ದಲ್ಲ, ತಿಂಗಳದ್ದು. ನಾನು ಮಾಹಿತಿ ತೆಗೆದುಕೊಂಡಿದ್ದು ಉತ್ತರ ಭಾರತದ ಪಂಚಾಂಗದ ಆ್ಯಪ್‌ನಿಂದ. ಅಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ. ನಮ್ಮಲ್ಲಿ ಅಮಾವಾಸ್ಯೆಗೆ ಮುಗಿಯುತ್ತದೆ. ಹುಣ್ಣಿಮೆ ಕಳೆದ ಮೇಲಿನ ಹದಿನೈದು ದಿನಕ್ಕೆ ಅವರು ಮುಂದಿನ ತಿಂಗಳ ಹೆಸರು ಕೊಡುತ್ತಾರೆ, ನಾವು ಹಳೆಯ ತಿಂಗಳಲ್ಲೇ ಇರುತ್ತೇವೆ. ಹಾಗಾಗಿ ಅವರಿಗೆ ಶಿವರಾತ್ರಿ ಫಾಲ್ಗುಣದಲ್ಲಿ, ನಮಗೆ ಮಾಘದಲ್ಲಿ. ದಿನ ಒಂದೇ, ಹೆಸರು ಬೇರೆ. ಆ ಸಾಲು ಕನ್ನಡ ಕ್ಯಾಲೆಂಡರ್‌ನಲ್ಲಿ "ಮಾಘ ಬಹುಳ ಚತುರ್ದಶಿ, ಬುಧವಾರ" ಎಂದಿರಬೇಕಿತ್ತು. ಎರಡು ವಾರದ ನಂತರ ಬಂದ ಹೋಳಿ ಹುಣ್ಣಿಮೆ ಮಾತ್ರ ಇಬ್ಬರಿಗೂ ಫಾಲ್ಗುಣದ್ದೇ. ಶುಕ್ಲಪಕ್ಷದಲ್ಲಿ ಜಗಳ ಬರುವುದಿಲ್ಲ, ಕೃಷ್ಣಪಕ್ಷದ ಹಬ್ಬಗಳನ್ನು ಮಾತ್ರ ಎರಡು ಸಲ ನೋಡಿ.

ಈಗ ನ, ಣ ವಿಷಯಕ್ಕೆ ಬರುತ್ತೇನೆ. ಸಂಸ್ಕೃತದಲ್ಲಿ ಒಂದು ನಿಯಮ ಇದೆ: ಅದೇ ಪದದಲ್ಲಿ ಮುಂಚೆ ರ, ಷ ಅಥವಾ ಋ ಬಂದಿದ್ದರೆ ಆಮೇಲಿನ ನ ಹೆಚ್ಚಾಗಿ ಣ ಆಗುತ್ತದೆ. ಅದಕ್ಕೇ ಶ್ರಾವಣದಲ್ಲಿ ಣ. ಅದಕ್ಕೇ ಉತ್ತರಾಯಣದಲ್ಲಿ ಣ, ಆದರೆ ದಕ್ಷಿಣಾಯನದ ಕೊನೆಯಲ್ಲಿ ನ. ಅಲ್ಲಿ ಷ ತನ್ನ ಕೆಲಸವನ್ನು "ಕ್ಷಿಣಾ"ದಲ್ಲೇ ಮುಗಿಸಿಬಿಟ್ಟಿದೆ, ಮುಂದಕ್ಕೆ ದಾಟುವುದಿಲ್ಲ. "ದಕ್ಷಿಣಾಯಣ" ಎಂದು ಅಚ್ಚಾಗಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ, ಅದು ತಪ್ಪು. ಶನಿವಾರದಲ್ಲಿ ನಿ ಮುಂಚೆ ರ ಇಲ್ಲ, ಹಾಗಾಗಿ ನ. "ಶ್ರಾವಣ ಶನಿವಾರ" ಎಂದು ಮಕ್ಕಳ ಕೈಲಿ ಬರೆಸಿದರೆ ಎರಡೂ ಒಟ್ಟಿಗೆ ನೆನಪಿರುತ್ತವೆ.

ಈ ಲೆಕ್ಕದಲ್ಲಿ ಫಾಲ್ಗುನ ಎಂಬುದೇ ಸರಿ ಅಲ್ವಾ? ಸಂಸ್ಕೃತಕ್ಕೆ ಹೌದು. ಅದರಲ್ಲಿ ರ, ಷ, ಋ ಯಾವುದೂ ಇಲ್ಲ. ಆದರೆ ಕನ್ನಡದಲ್ಲಿ ಈ ಪದ ಣಕಾರದಲ್ಲೇ ನೆಲೆಸಿದೆ. ನಮ್ಮ ಕ್ಯಾಲೆಂಡರ್, ಪಂಚಾಂಗಗಳಲ್ಲಿ ಕಾಣುವುದು ಫಾಲ್ಗುಣ. ಅರ್ಜುನನೂ ನಮ್ಮ ಕಾವ್ಯಗಳಲ್ಲಿ ಫಲುಗುಣನೇ. ಸಂಸ್ಕೃತ ಪಂಡಿತರು ನಗಬಹುದು, ನಗಲಿ. ಕನ್ನಡ ಕ್ಯಾಲೆಂಡರ್‌ನಲ್ಲಿ ಫಾಲ್ಗುಣ ಎಂದೇ ಹಾಕಿ ಎಂಬುದು ನನ್ನ ಮಾತು. ಅತ್ತೆ ಎಣಿಸಿದ ಎರಡನೇ ತಪ್ಪು ಇದು.

ಮೂರನೆಯದು ಬುದವಾರ. ನನ್ನ ಮಗಳಿಗೆ ದ, ಧ ಎರಡೂ ಕಿವಿಗೆ ಒಂದೇ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಮಹಾಪ್ರಾಣ ಕೇಳಿಸುವುದೇ ಕಷ್ಟ. ಸತ್ಯ ಹೇಳಬೇಕೆಂದರೆ ನಮ್ಮಲ್ಲೂ ಬಹಳ ಜನ "ಬುದ್ವಾರ" ಅಂತಲೇ ಅನ್ನುವುದು. ಹಾಗಾಗಿ ಕಿವಿ ಬಿಟ್ಟು ಕಣ್ಣಿಗೆ ಕೆಲಸ ಕೊಟ್ಟೆ. ದ, ಡ, ಪ, ಬ ಅಕ್ಷರಗಳ ಹೊಟ್ಟೆ ಕೆಳಗೆ ಸೀಳಿದರೆ ಧ, ಢ, ಫ, ಭ. ವಾರದ ಹೆಸರುಗಳಲ್ಲಿ ಈ ಅಕ್ಷರಗಳನ್ನು ಸೀಳುವುದು ಎರಡು ಕಡೆ ಮಾತ್ರ: ಭಾನುವಾರ, ಬುಧವಾರ. ತಿಂಗಳುಗಳಲ್ಲಿ ಮೂರು: ಆಷಾಢ, ಭಾದ್ರಪದ, ಫಾಲ್ಗುಣ. ಐದೇ ಸೀಳು. ಮಗಳು ಕೆಂಪು ಪೆನ್ನು ಹಿಡಿದು ಹುಡುಕಿದಳು, ಆಮೇಲೆ ತಪ್ಪಲಿಲ್ಲ. ಬುಧ ಮತ್ತು ಬುದ್ಧ ಬೇರೆ ಎಂದೂ ಹೇಳಿಕೊಡಿ, ಒಂದು ಸಲ ನೋಟಿಸಿನಲ್ಲಿ "ಬುದ್ಧವಾರ" ಎಂದೇ ಬಂದಿತ್ತು.

ಶ, ಷ ಗೊಂದಲಕ್ಕೂ ಇಂಥದೇ ದಾರಿ ಇದೆ. ವಾರಗಳಲ್ಲಿ ಷ ಇಲ್ಲವೇ ಇಲ್ಲ, ಶುಕ್ರ, ಶನಿ ಎರಡೂ ಶ. ತಿಂಗಳುಗಳಲ್ಲಿ ಷ ಬರುವುದು ಜ್ಯೇಷ್ಠ, ಆಷಾಢ, ಪುಷ್ಯ ಮೂರರಲ್ಲಿ ಮಾತ್ರ. ಅನುಮಾನ ಬಂದರೆ ನಕ್ಷತ್ರದ ಹೆಸರು ನೋಡಿ. ಹುಣ್ಣಿಮೆ ಚಂದ್ರ ಯಾವ ನಕ್ಷತ್ರದ ಹತ್ತಿರ ಇರುತ್ತಾನೋ ಅದರ ಹೆಸರೇ ತಿಂಗಳಿಗೆ. ಹೆಚ್ಚಾಗಿ ಮೊದಲ ಸ್ವರ ಮಾತ್ರ ಉಬ್ಬುತ್ತದೆ, ವ್ಯಂಜನಗಳು ಹಾಗೇ ಉಳಿಯುತ್ತವೆ. ವಿಶಾಖಾ ವೈಶಾಖ ಆಯಿತು, ಶ ಮತ್ತು ಖ ಎರಡೂ ಉಳಿದವು. ಮಘಾ ಮಾಘ ಆಯಿತು, ಘ ಉಳಿಯಿತು. ಮೃಗಶಿರಾ ಮಾರ್ಗಶಿರ, ಕೃತ್ತಿಕಾ ಕಾರ್ತಿಕ. ಇವೆರಡರಲ್ಲಿ ಋ ಎಂಬುದು ಆರ್ ಆಗಿದೆ, ಕೃತ್ತಿಕಾದ ತ್ತ ಒಂಟಿ ತ ಆಗಿದೆ, ಅಷ್ಟೇ. ಕೃತ್ತಿಕಾದಲ್ಲಿ ತಿ ಹ್ರಸ್ವ, ಆದ್ದರಿಂದ ಕಾರ್ತಿಕದಲ್ಲೂ ಹ್ರಸ್ವ. ಕಾರ್ತೀಕ ಎಂದೂ ಜಾಸ್ತಿ ಜನ ಬರೆಯುತ್ತಾರೆ, ನಾನು ಬರೆಯುವುದಿಲ್ಲ.

ಕೆಲವು ಹೆಸರುಗಳ ಬಗ್ಗೆ ಸುಮ್ನೆ ವಾದ ಬೇಡ. ಧಾರವಾಡ ಕಡೆಯವರ ರವಿವಾರ, ಮಂಗಳೂರಿನವರ ಐತವಾರ, ಬೆಂಗಳೂರಿನ ಭಾನುವಾರ ಎಲ್ಲವೂ ಸರಿ. ಆಶ್ವಯುಜ, ಆಶ್ವೀಜ ಕೂಡ ಹಾಗೇ. ಒಂದು ಕ್ಯಾಲೆಂಡರ್‌ನಲ್ಲಿ ಹನ್ನೆರಡು ಪುಟಕ್ಕೂ ಒಂದೇ ರೂಪ ಇರಲಿ.

ಕೊನೆಗೆ ಅಚ್ಚಿನ ತೊಂದರೆ. ನೀವು ಸರಿಯಾಗಿ ಟೈಪ್ ಮಾಡಿದ್ದರೂ ಡಿಸೈನ್ ತಂತ್ರಾಂಶಕ್ಕೆ ಹೋದಾಗ ಒತ್ತಕ್ಷರ ಒಡೆಯಬಹುದು. ಪರೀಕ್ಷೆಗೆ ಎರಡು ಪದ ಸಾಕು. ಫಾಲ್ಗುಣದಲ್ಲಿ ಲ ಅಕ್ಷರದ ಕೆಳಗೆ ಗ ಒತ್ತು ಕೂರಬೇಕು. ಲ್ ಬೇರೆ, ಗು ಬೇರೆ ನಿಂತಿದ್ದರೆ ಒಡೆದಿದೆ ಎಂದರ್ಥ. ಮಾರ್ಗಶಿರದಲ್ಲಿ ಗ ಆದಮೇಲೆ ಅರ್ಕಾವೊತ್ತು ಕಾಣಬೇಕು. ಫೋಟೋಶಾಪ್ ಬಳಸುವವರು ಟೈಪ್ ಸೆಟ್ಟಿಂಗ್‌ನಲ್ಲಿ World-Ready Layout ಆರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇನ್ನೊಂದು, ಮಾರ್ಚ್, ಏಪ್ರಿಲ್, ಜೂನ್‌ನಂಥ ಪದಗಳ ಕೊನೆಯ ಅರ್ಧಾಕ್ಷರ ಬಿಟ್ಟುಹೋಗಿ "ಏಪ್ರಿಲ" ಆಗುವುದು ಬಹಳ ಸಾಮಾನ್ಯ. ಪ್ರಿಂಟಿಗೆ ಕೊಡುವ ಮುಂಚೆ ಪಿಡಿಎಫ್ ತೆರೆದು ಇಂಥ ಪುಟಗಳನ್ನು ನೋಡಿ.

ನಿಮ್ಮ ಪ್ರೂಫ್ ಸಿದ್ಧವಾದಾಗ ಇಲ್ಲೇ ಹಾಕಿ. ಅತ್ತೆ ಇನ್ನೂ ಮೂರು ವಾರ ನಮ್ಮ ಮನೆಯಲ್ಲೇ ಇರುತ್ತಾರೆ, ಕನ್ನಡಕವೂ ಇದೆ.