ಹೊಸ ಆರ್ಡರ್ ಬಂದಿದೆ, ಆದರೆ ಹಣವೆಲ್ಲ ಗ್ರಾಹಕರ ಬಳಿ ಸಿಕ್ಕಿಕೊಂಡಿದೆ: ಅನುಭವ ಇರುವವರು ತಿಳಿಸಿ

ತಾರಿಹಾಳ ಮಷಿನಿಂಗ್ (ಪ್ರಶ್ನೆ): ಹುಬ್ಬಳ್ಳಿಯ ತಾರಿಹಾಳದಲ್ಲಿ ನಮ್ಮದೊಂದು ಸಣ್ಣ ಮಷಿನಿಂಗ್ ಘಟಕವಿದೆ. ಜಿಎಸ್‌ಟಿ ಬಿಟ್ಟು ತಿಂಗಳಿಗೆ 20 ಲಕ್ಷದ ಬಿಲ್ಲಾಗುತ್ತದೆ. ಮುಖ್ಯ ಗ್ರಾಹಕರು 90 ದಿನಕ್ಕೆ ಹಣ ಕೊಡುತ್ತಾರೆ, ಸ್ಟೀಲ್ ಅಂಗಡಿಯವರು 15 ದಿನಕ್ಕೆ ಕೇಳುತ್ತಾರೆ, ಬ್ಯಾಂಕಿನ ಸಿಸಿ ಸಾಲದ ಲಿಮಿಟ್ ತುಂಬಿದೆ. ಈಗ ಅದೇ ಗ್ರಾಹಕರು ತಿಂಗಳಿಗೆ ಇನ್ನೂ 10 ಲಕ್ಷದ ಕೆಲಸ ಕೊಡುತ್ತೇವೆ ಎನ್ನುತ್ತಿದ್ದಾರೆ. ಒಪ್ಪಿಕೊಳ್ಳಬೇಕೇ? ಒಪ್ಪಿದರೆ ಹಣ ಎಲ್ಲಿಂದ ಹೊಂದಿಸುವುದು?

ಉದ್ಯಮಬಾಗ ಫೌಂಡ್ರಿ: ಬೆಳಗಾವಿಯಲ್ಲಿ ನಮ್ಮದು ಎರಕದ ಕೆಲಸ. ಇಂಥದೇ ಒಬ್ಬ ದೊಡ್ಡ ಗ್ರಾಹಕರ ಬಳಿ ನಮ್ಮ 11.4 ಲಕ್ಷ ರೂಪಾಯಿ ನಿಂತುಹೋದಾಗ ನಾನು 2006ರ ಎಂಎಸ್‌ಎಂಇಡಿ ಕಾಯ್ದೆಯಡಿ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿದೆ. ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನ ಮೀರುವಂತಿಲ್ಲ, ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು ಕಾಯ್ದೆ ಹೇಳುತ್ತದೆ. ಇಂಥ ದೂರು ಕೇಳುವ ಮಂಡಳಿ 90 ದಿನದಲ್ಲಿ ತೀರ್ಮಾನಿಸಬೇಕು ಎಂದೂ ಅದರಲ್ಲಿದೆ, ಆದರೆ ನನ್ನ ಪ್ರಕರಣ ಎರಡು ವರ್ಷ ದಾಟಿತು. ಮಾಲಿನಲ್ಲಿ ಗಾಳಿಗುಳಿ ಇತ್ತೆಂದು ಅವರು ಆಮೇಲೆ ತಕರಾರು ತೆಗೆದರು. ಮಾಲು ತಲುಪಿದ 15 ದಿನದೊಳಗೆ ಲಿಖಿತ ಆಕ್ಷೇಪ ಬಂದಿರಲಿಲ್ಲವಾದ್ದರಿಂದ ಆ ವಾದ ನಿಲ್ಲಲಿಲ್ಲ. ತೀರ್ಪು ನನ್ನ ಪರವಾಗಿಯೇ ಬಂತು, ಅವರು ಮೇಲ್ಮನವಿಗೆ ಹೋಗಬೇಕಾದರೆ ಮುಕ್ಕಾಲು ಪಾಲು ಹಣವನ್ನು ಮೊದಲು ಠೇವಣಿ ಇಡಬೇಕಾಯಿತು. ಆದರೆ ದೂರು ಕೊಟ್ಟ ಮರುವಾರವೇ ಅವರ ಲಾರಿ ಬಂದು ನಮ್ಮ ಶೆಡ್ಡಿನಲ್ಲಿದ್ದ, ಎರಕದ ಅಚ್ಚು ತೆಗೆಯುವ ಅವರ ಪ್ಯಾಟರ್ನ್‌ಗಳನ್ನೆಲ್ಲ ಹೊತ್ತೊಯ್ದಿತ್ತು. ನಮ್ಮ ಮಾರಾಟದ ನಾಲ್ಕು ಆಣೆ ಪಾಲು ಆ ಲಾರಿಯ ಜೊತೆಗೇ ಹೋಯಿತು. ಆದರೂ ನಾನು ಮಾಡಿದ್ದು ಸರಿಯೇ. ತೊಂಬತ್ತು ದಿನಕ್ಕೆ ತಲೆಬಾಗಿದವರಿಗೆ ಮುಂದೆ ನೂರಿಪ್ಪತ್ತು ಬರುತ್ತದೆ.

ಲೆಕ್ಕದವನು: ಮಂಡಳಿಗೆ ಹೋಗುವ ಅಗತ್ಯವೇ ಇಲ್ಲ. ಆದಾಯ ತೆರಿಗೆಯಲ್ಲಿ 43ಬಿ(ಎಚ್) ಬಂದ ಮೇಲೆ 45 ದಿನದೊಳಗೆ ಕೊಡದ ಹಣವನ್ನು ಗ್ರಾಹಕರು ಖರ್ಚೆಂದು ತೋರಿಸುವಂತಿಲ್ಲ. ನಮ್ಮದು ಸಣ್ಣ ಉದ್ಯಮವೆಂದು ತೋರಿಸುವ ಉದ್ಯಮ್ ಪ್ರಮಾಣಪತ್ರದ ಪ್ರತಿಯನ್ನು ಬಿಲ್ಲಿಗೆ ಲಗತ್ತಿಸಿದರೆ ಸಾಕು, ಅವರೇ ಓಡಿ ಬಂದು ಕೊಡುತ್ತಾರೆ.

ಪೀಣ್ಯ ಟರ್ನಿಂಗ್: ಓಡಿ ಬರುವುದು ಮಾರ್ಚ್‌ನಲ್ಲಿ ಮಾತ್ರ. ಆ ಕಲಂ ಪ್ರಕಾರ ತಡವಾಗಿ ಕೊಟ್ಟರೂ ಅದೇ ಆರ್ಥಿಕ ವರ್ಷದೊಳಗೆ ಕೊಟ್ಟರೆ ಆ ವರ್ಷದ ಖರ್ಚು ಸಿಕ್ಕೇ ಸಿಗುತ್ತದೆ. ಅವಧಿ ಮೀರಿ ಮಾರ್ಚ್ 31ಕ್ಕೂ ಬಾಕಿ ಉಳಿದ ಬಿಲ್ಲಿಗಷ್ಟೇ ಅವರಿಗೆ ಪೆಟ್ಟು. ಹೀಗಾಗಿ ಜೂನ್ ತಿಂಗಳ ಬಿಲ್ಲನ್ನು ಅವರು ಅಕ್ಟೋಬರ್‌ವರೆಗೆ ಎಳೆದರೂ ತೆರಿಗೆಯಲ್ಲಿ ಏನೂ ಆಗುವುದಿಲ್ಲ. ನಮ್ಮ ಖಾತೆಯಲ್ಲಿ ಪ್ರತಿ ಮಾರ್ಚ್ ಕೊನೆಯ ವಾರ ಹಬ್ಬ, ಏಪ್ರಿಲ್‌ನಿಂದ ಮತ್ತೆ ಉಪವಾಸ.

ನಾನು ಹೆಚ್ಚುವರಿ ಆರ್ಡರ್ ಒಪ್ಪಿಕೊಂಡವನು, ಆದ್ದರಿಂದ ನನ್ನ ಲೆಕ್ಕವನ್ನು ಪೂರ್ತಿ ಹೇಳುತ್ತೇನೆ. ನನ್ನದೂ ತಿಂಗಳಿಗೆ 10 ಲಕ್ಷದ್ದೇ. ಅದರಲ್ಲಿ ಸ್ಟೀಲ್ 6 ಲಕ್ಷ, ಕೂಲಿ, ಕರೆಂಟು, ಇನ್ಸರ್ಟ್ ಮತ್ತು ಪ್ಲೇಟಿಂಗ್ ಸೇರಿ 2.5 ಲಕ್ಷ, ಉಳಿಯುವುದು ಒಂದೂವರೆ ಲಕ್ಷ. ಸ್ಟೀಲ್ ಬಂದು ಮಾಲಾಗಿ ಹೊರಡುವ ಹೊತ್ತಿಗೆ ಒಂದೂವರೆ ತಿಂಗಳು, ಹೊರಟ ಮೇಲೆ ಹಣ ಬರುವ ಹೊತ್ತಿಗೆ ಕಾಗದದಲ್ಲಿ 90 ದಿನ, ನಿಜದಲ್ಲಿ 105. ಸ್ಟೀಲಿನವರು ಕೊಡುವ 15 ದಿನ ಕಳೆದರೂ ಸ್ಟೀಲಿನ ಹಣ ನಾಲ್ಕೂವರೆ ತಿಂಗಳು ಹೊರಗಿರುತ್ತದೆ, ಅಂದರೆ 27 ಲಕ್ಷ. ಕೂಲಿ ಮುಂತಾದದ್ದು ಸುಮಾರು ನಾಲ್ಕು ತಿಂಗಳು, ಅದು 10 ಲಕ್ಷ. ಗ್ರಾಹಕರಿಂದ ಬಾರದ ಜಿಎಸ್‌ಟಿಯನ್ನು ಮುಂದಿನ ತಿಂಗಳ 20ಕ್ಕೇ ನಾವು ಕಟ್ಟುತ್ತೇವಲ್ಲ, ಒಳತೆರಿಗೆ ಕಳೆದು ಉಳಿಯುವ ಆ ಮೊತ್ತವೂ ಎರಡು ಲಕ್ಷ ಹಿಡಿಯುತ್ತದೆ. ಒಟ್ಟು 39 ಲಕ್ಷ ಹೊರಗೆ ಹೋದ ಮೇಲೆಯೇ ಹೊಸ ಕೆಲಸದ ಹಣದ ಹರಿವು ಸಮನಾಗುತ್ತದೆ. ಶೇ. 11ರ ಬಡ್ಡಿಯಲ್ಲಿ ತಿಂಗಳಿಗೆ 36 ಸಾವಿರದ ಹತ್ತಿರ, ಅಂದರೆ ಲಾಭದ ಕಾಲು ಭಾಗ ಬ್ಯಾಂಕಿಗೆ.

ನಾನು ಸಾಲಕ್ಕೆ ಹೋಗುವ ಮೊದಲು ಆ ಹೆಚ್ಚುವರಿ 15 ದಿನ ಎಲ್ಲಿ ಹೋಗುತ್ತಿದೆ ಎಂದು ನೋಡಿದೆ. ಗ್ರಾಹಕರ ಗಡಿಯಾರ ನಮ್ಮ ಬಿಲ್ಲಿನ ದಿನಾಂಕದಿಂದ ಓಡುವುದಿಲ್ಲ, ಅವರ ಸ್ಟೋರ್ಸ್‌ನಲ್ಲಿ ಮಾಲು ಸ್ವೀಕರಿಸಿದ ದಾಖಲೆ, ಅಂದರೆ ಜಿಆರ್‌ಎನ್, ಆದ ದಿನದಿಂದ ಓಡುತ್ತದೆ. ನಮ್ಮ ಪೆಟ್ಟಿಗೆಗಳು ಗೇಟಿನೊಳಗೆ ಹೋಗಿ ಇನ್‌ಸ್ಪೆಕ್ಷನ್ ಕಟ್ಟೆಯ ಮೇಲೆ ಕೂತಿರುತ್ತಿದ್ದವು, ಏಕೆಂದರೆ ಸ್ಟೀಲಿನ ಟೆಸ್ಟ್ ಸರ್ಟಿಫಿಕೇಟಿನಲ್ಲಿದ್ದ ಹೀಟ್ ನಂಬರ್ ನಮ್ಮ ಚಲನ್‌ನಲ್ಲಿ ಇರುತ್ತಿರಲಿಲ್ಲ. ಕೆಲವು ಬಿಲ್ಲುಗಳು ಪಿಒ ತಿದ್ದುಪಡಿ ಸಂಖ್ಯೆ ಹಳೆಯದೆಂಬ ಕಾರಣಕ್ಕೆ ಅಕೌಂಟ್ಸ್‌ನಲ್ಲಿ ನಿಂತಿದ್ದವು, ಮತ್ತು ಆ ಬಗ್ಗೆ ನಮಗೆ ಯಾರೂ ಹೇಳಿರಲಿಲ್ಲ. ಈಗ ನಮ್ಮ ಹುಡುಗನೊಬ್ಬ ಮಾಲು ಇಳಿದ ಮೂರನೆಯ ದಿನ ಜಿಆರ್‌ಎನ್ ಸಂಖ್ಯೆ ಕೇಳಿ ಬರೆದುಕೊಳ್ಳುತ್ತಾನೆ, ಸಂಖ್ಯೆ ಸಿಗದಿದ್ದರೆ ಅಂದೇ ಹೋಗಿ ನಿಲ್ಲುತ್ತಾನೆ. ಅಲ್ಲಿಂದ ಹನ್ನೊಂದು ದಿನ ಇಳಿಯಿತು. ತಿಂಗಳಿಗೆ 30 ಲಕ್ಷದ ಬಿಲ್ಲಿನವರಿಗೆ ಒಂದು ದಿನ ಇಳಿದರೆ ಕೈಗೆ ಬರುವುದು ಸುಮಾರು ಒಂದು ಲಕ್ಷ.

ಉದ್ಯಮಬಾಗ ಫೌಂಡ್ರಿ: ಕಾನೂನು ಕೊಟ್ಟ ಹಕ್ಕನ್ನು ಬಿಟ್ಟು ಹುಡುಗನನ್ನು ಕಳಿಸಿ ಗೇಟಿನಲ್ಲಿ ನಿಲ್ಲಿಸುವುದು ನಿಮಗೆ ಹೆಮ್ಮೆಯ ವಿಷಯವಾಗಿ ಕಂಡರೆ ನಾನೇನು ಹೇಳಲಿ? 90 ದಿನದ ಒಪ್ಪಂದವೇ ಕಾಯ್ದೆಗೆ ವಿರುದ್ಧ. ನಿಮ್ಮಂಥವರು ಸಹಿ ಹಾಕುವುದರಿಂದಲೇ ನಮ್ಮಂಥವರ ಪ್ಯಾಟರ್ನ್ ಲಾರಿ ಹತ್ತುತ್ತದೆ.

ಪೀಣ್ಯ ಟರ್ನಿಂಗ್: ನಿಮಗೆ ತೀರ್ಪು ಸಿಕ್ಕಿತು, ನನಗೆ ಸಂಬಳದ ದಿನ ಸಂಬಳ ಕೊಡಲು ಹಣ ಸಿಕ್ಕಿತು. ಯಾವುದು ಹೆಚ್ಚೆಂದು ಅವರವರೇ ನೋಡಿಕೊಳ್ಳಲಿ.

ಕಬ್ಬಿಣದ ಅಂಗಡಿ: ಎಲ್ಲರೂ ಸ್ಟೀಲಿನವರ 15 ದಿನವನ್ನು ಗಿರಾಕಿಯ 90 ದಿನದ ಪಕ್ಕದಲ್ಲಿಟ್ಟು ನಮ್ಮನ್ನು ಖಳನಾಯಕರನ್ನಾಗಿ ಮಾಡಿದ್ದೀರಿ. ಮಿಲ್ಲಿನವರಿಗೆ ನಾವು ಮುಂಗಡ ಕಟ್ಟಿದ ಮೇಲೆಯೇ ಲೋಡು ಹೊರಡುತ್ತದೆ. ನೀವು 15 ಎಂದು ಒಪ್ಪಿ 50ಕ್ಕೆ ಕೊಡುತ್ತೀರಿ, ಆಗ ನಾವು ಸಮಾಧಾನ್‌ಗೆ ಹೋಗುವಂತೆಯೂ ಇಲ್ಲ. 2021ರಲ್ಲಿ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಕೊಟ್ಟರೂ ಅದರ ಲಾಭವನ್ನು ಆದ್ಯತಾ ವಲಯದ ಸಾಲಕ್ಕೆ ಮಾತ್ರ ಸೀಮಿತಗೊಳಿಸಿದರು. ನನ್ನ ಪುಸ್ತಕದಲ್ಲಿ ಹಕ್ಕಿನ ಬಗ್ಗೆ ಜೋರಾಗಿ ಮಾತನಾಡುವ ಎಷ್ಟೋ ಕಾರ್ಖಾನೆಯವರ ಬಾಕಿ ಇದೆ.

ಮೈಸೂರು ಪ್ಯಾಕೇಜಿಂಗ್: ನಾನು ಟ್ರೆಡ್ಸ್ ವೇದಿಕೆಗೆ ಹೋದೆ, ಹೋಗಿದ್ದು ಒಳ್ಳೆಯದೇ ಆಯಿತು. ಬಿಲ್ಲನ್ನು ಹಾಕಿದ ಮೇಲೆ ಗ್ರಾಹಕರು ಒಪ್ಪಿಗೆ ಕೊಡುತ್ತಾರೆ, ಬ್ಯಾಂಕುಗಳು ದರ ಕೂಗುತ್ತವೆ, ನಾನು ಒಪ್ಪಿದ ಒಂದೆರಡು ದಿನದಲ್ಲಿ ಬಡ್ಡಿ ಮುರಿದುಕೊಂಡು ಹಣ ಖಾತೆಗೆ ಬರುತ್ತದೆ. ದರ ನಿಲ್ಲುವುದು ಗ್ರಾಹಕರ ಹೆಸರಿನ ಮೇಲೆ, ನನ್ನ ಹೆಸರಿನ ಮೇಲಲ್ಲ. ಹಾಗಾಗಿ ನನ್ನ ಸಿಸಿಗಿಂತ ಎರಡು ಶೇಕಡಾ ಕಡಿಮೆ ಬೀಳುತ್ತಿದೆ. ನಾಳೆ ಗ್ರಾಹಕರು ಬ್ಯಾಂಕಿಗೆ ಕೊಡದಿದ್ದರೂ ಅದು ನನ್ನ ತಲೆಗೆ ಬರುವುದಿಲ್ಲ. ವಹಿವಾಟು 250 ಕೋಟಿ ಮೀರಿದ ಕಂಪನಿಗಳು ಅಲ್ಲಿ ನೋಂದಾಯಿಸಿಕೊಳ್ಳುವುದು ಈಗ ಕಡ್ಡಾಯ. ಪ್ರತಿ ಬಿಲ್ಲಿಗೂ ಅಲ್ಲಿ ಒಪ್ಪಿಗೆ ಕೊಡಲೇಬೇಕು ಎಂದು ಮಾತ್ರ ಆ ಆದೇಶದಲ್ಲಿಲ್ಲ. ನನ್ನ ಗ್ರಾಹಕರಲ್ಲಿ ಒಬ್ಬರು ಒಪ್ಪಿಗೆಯನ್ನು 40ನೆಯ ದಿನಕ್ಕೆ ಕೊಡುತ್ತಾರೆ. ಆಗ ಅದರಿಂದ ಅರ್ಧ ಪ್ರಯೋಜನವೇ ಉಳಿಯುವುದು.

ನಿವೃತ್ತ ಬ್ಯಾಂಕಿನವ: ಮೇಡಂ ಹೇಳದ ಒಂದು ಮಾತಿದೆ. ಟ್ರೆಡ್ಸ್‌ನಲ್ಲಿ ಮುರಿದ ಬಿಲ್ಲನ್ನು ಸ್ಟಾಕ್ ಸ್ಟೇಟ್‌ಮೆಂಟಿನ ಬಾಕಿದಾರರ ಪಟ್ಟಿಯಿಂದ ತೆಗೆಯಲೇಬೇಕು, ಇಲ್ಲವಾದರೆ ಒಂದೇ ಬಿಲ್ಲಿಗೆ ಎರಡು ಕಡೆ ಸಾಲವಾಗುತ್ತದೆ. ತೆಗೆದ ಕೂಡಲೇ ಸಿಸಿಯಿಂದ ತೆಗೆಯಬಹುದಾದ ಮೊತ್ತ, ಅಂದರೆ ಡ್ರಾಯಿಂಗ್ ಪವರ್, ಇಳಿಯುತ್ತದೆ. ಲಿಮಿಟ್ ಪೂರ್ತಿ ಬಳಸಿದವರ ಕೈಗೆ ಉಳಿಯುವ ಹೊಸ ಹಣ ಬಿಲ್ಲಿನ ಮೊತ್ತಕ್ಕಿಂತ ಬಹಳ ಕಡಿಮೆ. ಹಾಗೆಯೇ 90 ದಿನ ದಾಟಿದ ಬಾಕಿಯನ್ನು ಬಹುತೇಕ ಬ್ಯಾಂಕುಗಳು ಡ್ರಾಯಿಂಗ್ ಪವರ್‌ಗೆ ಲೆಕ್ಕ ಹಿಡಿಯುವುದಿಲ್ಲ. ಪೀಣ್ಯದವರ 105ನೆಯ ದಿನದ ಗ್ರಾಹಕರು ಬಡ್ಡಿಯನ್ನಷ್ಟೇ ಅಲ್ಲ, ಕೊನೆಯ ಎರಡು ವಾರ ಲಿಮಿಟ್ಟನ್ನೂ ತಿನ್ನುತ್ತಿದ್ದರು.

ಸಣ್ಣ ಘಟಕಗಳಿಗೆ ನಾಯಕ್ ಸಮಿತಿಯ ಲೆಕ್ಕದಂತೆ ಅಂದಾಜು ವಹಿವಾಟಿನ ಶೇ. 20ರಷ್ಟು ಲಿಮಿಟ್ ಕೊಡುತ್ತೇವೆ. ವರ್ಷಕ್ಕೆ 1.2 ಕೋಟಿ ಹೆಚ್ಚಾದರೆ 24 ಲಕ್ಷ. ಆ ಸೂತ್ರದ ಒಳಗೆ ಹಣ ವರ್ಷಕ್ಕೆ ನಾಲ್ಕು ಸುತ್ತು ತಿರುಗುತ್ತದೆಂಬ ಊಹೆ ಇದೆ. ಮೂರು ಸುತ್ತೂ ತಿರುಗದ ಘಟಕ 39 ಬೇಕೆಂದು ಬಂದರೆ ಉಳಿದ 15 ಲಕ್ಷ ಮಾಲೀಕರದ್ದೇ ಆಗಬೇಕು. ಅಥವಾ ಸೂತ್ರ ಬಿಟ್ಟು ನಿಜವಾದ ಸುತ್ತಿನ ಅವಧಿಯ ಮೇಲೆ ಲೆಕ್ಕ ಹಾಕಿ ಎಂದು ಬರವಣಿಗೆಯಲ್ಲಿ ಕೇಳಬೇಕು. ಕೇಳುವವರು ಕಡಿಮೆ.

ಮೈಸೂರು ಪ್ಯಾಕೇಜಿಂಗ್: ನಾನು ಹೇಳದೆ ಬಿಟ್ಟಿದ್ದು ನನ್ನ ಲಿಮಿಟ್ ಪೂರ್ತಿ ಬಳಕೆಯಲ್ಲಿ ಇಲ್ಲವೆಂಬ ಕಾರಣಕ್ಕೆ, ಮುಚ್ಚಿಡಲು ಅಲ್ಲ. ಮತ್ತು ಬರವಣಿಗೆಯಲ್ಲಿ ಕೇಳಿದವರಲ್ಲಿ ನಾನೂ ಒಬ್ಬಳು. ನಮ್ಮ ಶಾಖೆಯಲ್ಲಿ ಆ ಪತ್ರಕ್ಕೆ ಇನ್ನೂ ಉತ್ತರವಿಲ್ಲ.

ಪೀಣ್ಯ ಟರ್ನಿಂಗ್: ಇನ್ನೊಂದು ದಾರಿಯೂ ಇದೆ. ಸ್ಟೀಲನ್ನು ಗ್ರಾಹಕರೇ ಕೊಡಲಿ, ನೀವು ಜಾಬ್‌ವರ್ಕ್ ದರಕ್ಕೆ ಮಾತ್ರ ಬಿಲ್ಲು ಮಾಡಿ. ನನ್ನ ಲೆಕ್ಕದ 27 ಲಕ್ಷ ಅಲ್ಲಿಗೆ ಮಾಯವಾಗುತ್ತದೆ.

ನಿವೃತ್ತ ಬ್ಯಾಂಕಿನವ: ಬಿಲ್ಲು ಇಳಿದರೆ ವಹಿವಾಟೂ ಇಳಿಯುತ್ತದೆ. ನವೀಕರಣಕ್ಕೆ ಹೋದಾಗ ಅದೇ ಶೇ. 20ರ ಸೂತ್ರದಲ್ಲಿ ಲಿಮಿಟ್ ಕೂಡ ಇಳಿಯುತ್ತದೆ ಎಂಬುದನ್ನು ಮರೆಯಬೇಡಿ.

ಪೀಣ್ಯ ಟರ್ನಿಂಗ್: ಬೇಕಾಗದ ಲಿಮಿಟ್ ಇಳಿದರೆ ನಷ್ಟವೇನು ಸರ್? ನಲವತ್ತು ಲಕ್ಷ ಸಾಲ ಸಿಗುವುದು ದೊಡ್ಡಸ್ತಿಕೆ ಎಂದು ಬ್ಯಾಂಕಿನವರಿಗೆ ಅನ್ನಿಸಬಹುದು.

ತಾರಿಹಾಳ ಮಷಿನಿಂಗ್: ಎಲ್ಲರಿಗೂ ಧನ್ಯವಾದ. ಖರೀದಿ ವಿಭಾಗದವರನ್ನು ಇಂದು ಕೇಳಿ ನೋಡಿದೆ. ಹೊಸ 10 ಲಕ್ಷದ ಕೆಲಸಕ್ಕೆ ಸ್ಟೀಲ್ ತಾವೇ ಕೊಡುತ್ತೇವೆ ಎಂದರು. ಆದರೆ ಲೇತಿನ ಸ್ಕ್ರ್ಯಾಪನ್ನು ತೂಕ ಮಾಡಿ ವಾಪಸು ಕೊಡಬೇಕಂತೆ, ಶೇ. 2ಕ್ಕಿಂತ ಹೆಚ್ಚು ಕೊರತೆ ಬಂದರೆ ಸ್ಟೀಲಿನ ದರದಲ್ಲಿ ಡೆಬಿಟ್ ನೋಟ್ ಹಾಕುತ್ತಾರಂತೆ, ರಿಜೆಕ್ಟ್ ಆದ ಪೀಸಿಗೂ ಅದೇ ದರವಂತೆ. ನಮ್ಮಲ್ಲಿ ಸ್ಕ್ರ್ಯಾಪ್ ಮಾರಿದ ನಗದಿನಿಂದಲೇ ವಾರದ ಕೂಲಿ ಹೊಂದಿಸುವುದು. ಜಾಬ್‌ವರ್ಕ್ ಮಾಡುವವರು ಸ್ಕ್ರ್ಯಾಪಿನ ಬಗ್ಗೆ ಏನು ಷರತ್ತು ಹಾಕಿಸಿಕೊಂಡಿದ್ದೀರಿ?

ಕಬ್ಬಿಣದ ಅಂಗಡಿ: ಕೂಲಂಟ್ ಎಣ್ಣೆ ಸೇರಿದ ಸ್ಕ್ರ್ಯಾಪನ್ನು ಅವರು ತೂಗುತ್ತಾರೋ, ಎಣ್ಣೆ ಬಸಿದ ಮೇಲೆ ತೂಗುತ್ತಾರೋ ಎಂಬುದನ್ನು ಮೊದಲು ಬರೆಸಿಕೊಳ್ಳಿ. ಆ ಶೇ. 2 ಅಲ್ಲೇ ಹೋಗುತ್ತದೆ.

ಉದ್ಯಮಬಾಗ ಫೌಂಡ್ರಿ: ಜೊತೆಗೆ 45 ದಿನವನ್ನೂ ಬರೆಸಿಕೊಳ್ಳಿ. ಜಾಬ್‌ವರ್ಕ್ ಬಿಲ್ಲಿಗೂ ಅದೇ ಕಾಯ್ದೆ.