‘ಲಾಕ್’ ಅಂದರೆ ಬೀಗವೋ, ಅರಗೋ?

ಮಂಡ್ಯದ ಹತ್ತಿರ ನಮ್ಮೂರಿನ ಹಾಲಿನ ಸಂಘಕ್ಕೆ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ವರ್ಷದ ಲೆಕ್ಕಪತ್ರದ ಪಿಡಿಎಫ್‌ಗೆ ಮೊದಲು ಕಾರ್ಯದರ್ಶಿ, ಆಮೇಲೆ ಅಧ್ಯಕ್ಷರು, ಕಡೆಗೆ ಆಡಿಟರು ಡಿಜಿಟಲ್ ಸಹಿ ಹಾಕಬೇಕು. ಅಕ್ರೊಬ್ಯಾಟ್‌ನಲ್ಲಿ ಮೂರೂ ಸಹಿ ಖಾನೆಗಳನ್ನು ಮೊದಲೇ ಮಾಡಿಟ್ಟೆ. ಕಾರ್ಯದರ್ಶಿಯ ಖಾನೆಯ `Signed` ಟ್ಯಾಬಿನಲ್ಲಿ, ಸಹಿಯಾದ ಮೇಲೆ ಖಾನೆಗಳನ್ನು ತಿದ್ದದಂತೆ ಲಾಕ್ ಮಾಡುವ `Mark as read-only` ಆರಿಸಿ, ಪಕ್ಕದಲ್ಲಿ `All fields` ಅಂತಿದ್ದದ್ದನ್ನು ಹಾಗೇ ಬಿಟ್ಟೆ. ಅವರು ಸಹಿ ಹಾಕಿದರು. ಅಧ್ಯಕ್ಷರ ಖಾನೆ ಜಪ್ಪಯ್ಯ ಅಂದರೂ ತೆರೆಯಲಿಲ್ಲ! ಅದೂ ‘ಎಲ್ಲ’ದರಲ್ಲಿ ಸೇರಿಬಿಟ್ಟಿತ್ತು.

ಈಗ `Just these fields` ಆರಿಸಿ, ಕಾರ್ಯದರ್ಶಿ ತುಂಬುವ ಮೊತ್ತದ ಖಾನೆಗಳಿಗಷ್ಟೇ ಗುರುತು ಹಾಕಿದ್ದೇನೆ. ಅಧ್ಯಕ್ಷರ ಸಹಿಗೆ ಷರಾ ಖಾನೆ ಸೇರಿಸಿದೆ. `All fields` ಇರುವುದು ಆಡಿಟರಿಗೆ ಮಾತ್ರ. ಕೆಲಸವೇನೋ ಆಯಿತು, ಈ ‘ಲಾಕ್’ಗೆ ಕನ್ನಡದ ಪದ ಸಿಗುತ್ತಿಲ್ಲ. ‘ಸಹಿಯಾದ ಮೇಲೆ ಬೀಗ ಬೀಳುತ್ತದೆ’ ಅಂತ ಬರೆದರೆ ಸರಿಯಾ?

ಮೈಸೂರಿನ ನಿವೃತ್ತ ಅಂಚೆ ನೌಕರರು: ಬೀಗ ಅಂದರೆ ಕೀಲಿ ಎಲ್ಲಿ ಅಂತ ಕೇಳ್ತಾರೆ. ಅರಗು ಅನ್ನಿ. ನಾವು ಚೀಲದ ಬಾಯಿ ಕಟ್ಟಿ ಅರಗು ಹಾಕುತ್ತಿದ್ದೆವು. ಯಾರು ಬೇಕಾದರೂ ಒಡೆಯಬಹುದಿತ್ತು, ಆದರೆ ಒಡೆದದ್ದು ಕಾಣುತ್ತಿತ್ತು.

ನಾಗಮಂಗಲದ ಮೇಡಂ: ನಮ್ಮತ್ತೆಗೆ ಸಹಿ ಬರಲ್ಲ, ಹೆಬ್ಬೆಟ್ಟು ಒತ್ತುತ್ತಾರೆ. ಅದಕ್ಕೂ ಸಹಿ ಖಾನೆ ಅಂತಲೇ ಅನ್ನಬೇಕಾ?

ಮದ್ದೂರಿನ ಮೇಷ್ಟ್ರು: ಹಳೆಯ ಶಾಸನಗಳಲ್ಲಿ ಸಹಿಗೆ ‘ಒಪ್ಪ’ ಅಂತಿದೆ. ಒಪ್ಪಿದವರ ಗುರುತೇ ಒಪ್ಪ. ಆಮೇಲೆ, ಖಾನೆಗಳಿಗೆ `Sig1`, `Sig2` ಅಂತ ಹೆಸರಿಟ್ಟರೆ ಸರದಿ ತಾನೇ ಬರುತ್ತೆ, ಅದಕ್ಕೆ ಬೇರೆ ಪದ ಯಾಕೆ?

ಮೈಸೂರಿನ ಸಾಫ್ಟ್‌ವೇರಿನವರು: ಮೇಷ್ಟ್ರೇ, ಹೆಸರು ಸುಮ್ನೆ ಹೆಸರು. ಮೂರೂ ಖಾನೆ ತೆರೆದಿದ್ದರೆ ಆಡಿಟರು ಮೊದಲೇ ಸಹಿ ಹಾಕಬಹುದು, ಆಗ ಉಳಿದಿಬ್ಬರೂ ಹೊರಗೆ! ಫೈಲನ್ನು ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರಿಗೆ ಕಳಿಸಿದರೇ ಸರದಿ ಉಳಿಯೋದು. ಅಂಚೆಯವರು ಹೇಳಿದ್ದು ಜಾಸ್ತಿ ಹತ್ತಿರ. ಪ್ರತಿ ಹೊಸ ಸಹಿ ಹಳೆಯದನ್ನು ಮುಟ್ಟದೆ ಫೈಲಿನ ಕೊನೆಗೆ ಸೇರಿಕೊಳ್ಳುತ್ತೆ. ಬೇರೆ ತಂತ್ರಾಂಶದಲ್ಲಿ ಮೊತ್ತ ತಿದ್ದೋಕೆ ಆಗುತ್ತೆ, ಆದರೆ ಸಹಿಗಳ ಪಟ್ಟಿ ತೆರೆದರೆ ಕಾರ್ಯದರ್ಶಿಯ ಸಹಿ ಕೆಟ್ಟಿದೆ ಅಂತ ತೋರಿಸಿಬಿಡುತ್ತೆ. ಇನ್ನೊಂದು ಎಚ್ಚರ. ಸಹಿ ಹಾಕುವಾಗ `Lock Document After Signing` ಅಂತ ಒಂದು ಚೌಕ ಬರಬಹುದು. ಅದು ಇಡೀ ಕಾಗದಕ್ಕೆ, ಕಡೆಯವರು ಮಾತ್ರ ಒತ್ತಬೇಕು. ಹಾಗಾಗಿ ನಿಮಗೆ ಎರಡು ಪದ ಬೇಕು, ಒಂದು ಸಾಲದು.

ಸರಿ ಸಾರ್, ಖಾನೆಗೆ ‘ಅರಗು’, ಇಡೀ ಕಾಗದಕ್ಕೆ ‘ಬೀಗ’ ಅಂತ ಬರೆದು ನೋಡುತ್ತೇನೆ. ಆದರೆ ನಮ್ಮ ಕಾರ್ಯದರ್ಶಿಗೆ ಇಪ್ಪತ್ತಾರು ವರ್ಷ. ಅರಗು ಅಂದರೆ ಏನಕ್ಕ ಅಂತ ಈಗಲೇ ಕೇಳುತ್ತಿದ್ದಾನೆ. ‘ಮೊಹರು’ ಅಂದರೆ ರಬ್ಬರ್ ಸ್ಟಾಂಪು ಅಂದುಕೊಳ್ಳುತ್ತಾನೆ. ಮೇಡಂ, ಹೆಬ್ಬೆಟ್ಟಿನ ವಿಷಯ ಬೇರೆಯೇ, ಇಲ್ಲಿ ಬೆರಳಿನ ಕೆಲಸವಿಲ್ಲ. ಬೇರೆ ಪದ ಯಾರಿಗಾದರೂ ಹೊಳೆದರೆ ಹೇಳಿ.