ಬೈಕ್ ಲೋನ್ ಮುಂಚೆನೇ ಮುಗಿಸಿದ್ರೆ ನಿಜವಾಗ್ಲೂ ಉಳಿಯುತ್ತಾ? ಸಹಾಯ ಬೇಕು

ಎಲ್ರಿಗೂ ನಮಸ್ಕಾರ, ನನ್ನ ಬೈಕ್ ಲೋನ್‌ದು ಇನ್ನು 10 ಇಎಂಐ ಬಾಕಿ ಇದೆ, ತಿಂಗಳಿಗೆ 3,200. ಕೈಯಲ್ಲಿ ಸ್ವಲ್ಪ ದುಡ್ಡು ಬಂದಿದೆ, ಒಂದೇ ಸಲ ಕಟ್ಟಿ ಕೈ ತೊಳ್ಕೊಳ್ಳೋಣ ಅಂತ ಲೆಕ್ಕ ಹಾಕಿದೆ, ಈಗ ತಲೆ ಕೆಟ್ಟಿದೆ.

ಬಡ್ಡಿ 12%, ರೆಡ್ಯೂಸಿಂಗ್. ಹಾಗೇ ಕಟ್ಕೊಂಡು ಹೋದ್ರೆ 32,000, ಅದ್ರಲ್ಲಿ ಅಸಲು ಸುಮಾರು 30,300, ಅಂದ್ರೆ ಉಳಿಯೋ ಬಡ್ಡಿ ಬರೀ 1,700. ಅಗ್ರಿಮೆಂಟ್ ತೆಗೆದು ನೋಡಿದ್ರೆ ಫೋರ್‌ಕ್ಲೋಶರ್ ಚಾರ್ಜ್ ಬಾಕಿ ಅಸಲಿನ ಮೇಲೆ 4%, ಅದು 1,212, ಅದ್ರ ಮೇಲೆ 18% ಜಿಎಸ್‌ಟಿ 218, ಒಟ್ಟು 1,430 ಹೋಯ್ತು. ಉಳಿಯೋದು 270 ರೂಪಾಯಿ ಅಷ್ಟೇ! ಕೊನೇ ಇಎಂಐ ಡೇಟ್‌ನಿಂದ ಕ್ಲೋಸ್ ಮಾಡೋ ದಿನದವರೆಗಿನ ಬಡ್ಡಿನೂ ಸೇರಿಸ್ತಾರೆ, ಅದಕ್ಕೆ ಇಎಂಐ ಕಟ್ ಆದ ಮಾರನೇ ದಿನನೇ ಕಟ್ಟೋದು ವಾಸಿ ಅನ್ಸುತ್ತೆ.

ಆದ್ರೆ ಫೋನಲ್ಲಿ ಕೇಳಿದ್ರೆ ಚಾರ್ಜ್ ಬಾಕಿ ಇರೋ ಪೂರ್ತಿ 32,000 ಮೇಲೆ ಅಂತಾರೆ, ಅಗ್ರಿಮೆಂಟಲ್ಲಿ ಅಸಲಿನ ಮೇಲೆ ಅಂತಿದೆ. ಫೋರ್‌ಕ್ಲೋಶರ್ ಸ್ಟೇಟ್‌ಮೆಂಟ್ ಬರವಣಿಗೆಲಿ ಕೇಳಿದೀನಿ, ಇನ್ನೂ ಬಂದಿಲ್ಲ. ಯಾರಾದ್ರೂ ಹೀಗೆ ಕ್ಲೋಸ್ ಮಾಡಿದ್ರೆ ಹೇಳಿ, ಸ್ಟೇಟ್‌ಮೆಂಟಲ್ಲಿ ಚಾರ್ಜ್ ಯಾವುದ್ರ ಮೇಲೆ ಹಾಕಿದ್ರು? ದುಡ್ಡು ಕಟ್ಟಿದ ಮೇಲೂ ಮುಂದಿನ ತಿಂಗಳು ಇಎಂಐ ಆಟೋ ಡೆಬಿಟ್ ಆಯ್ತಾ?